ನಾಗರಿಕ ಸೇವಾ ವ್ಯಕ್ತಿತ್ವ ಪರೀಕ್ಷೆಯ ಮಂಡಳಿ ಮುಂದೆ ನನ್ನ ಪರಿಚಯ

ನಮಸ್ಕಾರ ಮೇಡಂ, ಎಲ್ಲರಿಗೂ ನಮಸ್ಕಾರ ಸರ್. ನಾನು ಕನ್ನಡದಲ್ಲೇ ಮಾತಾಡುತ್ತೇನೆ. ಅನುವಾದ ಮಾಡುವವರಿಗೆ ಅನುಕೂಲ ಆಗಲಿ ಅಂತ ಸ್ವಲ್ಪ ನಿಲ್ಲಿಸಿ ಹೇಳುತ್ತೇನೆ.

ನನ್ನ ಹೆಸರು ಶಿವಲೀಲಾ. ಊರು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿದೆ. ಅಲ್ಲಿಂದ ಮಾಗಡಿ ಕೆರೆಗೆ ನಾಲ್ಕು ಕಿಲೋಮೀಟರ್. ಬೆಂಗಳೂರು ಹತ್ತಿರದ ಮಾಗಡಿ ಅಲ್ಲ ಸರ್, ಇದು ಬೇರೆ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಅಪ್ಪನಿಗೆ ಆರು ಎಕರೆ ಎರೆ ಹೊಲ ಇದೆ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಕಡಲೆ, ಬಿಳಿಜೋಳ. ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಶುರುವಾದ ಕಣಗಿನಹಾಳ ಕೂಡ ನಮ್ಮ ಜಿಲ್ಲೆಯದೇ. ಅದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಹವ್ಯಾಸ ಅಂದರೆ ಹಕ್ಕಿ ನೋಡುವುದು. ಅರ್ಜಿಯಲ್ಲಿ ಅದೊಂದನ್ನೇ ಬರೆದಿದ್ದೇನೆ. ನಮ್ಮ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುತ್ತವೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. ಚಿಕ್ಕವಳಿದ್ದಾಗ ನನಗೆ ಇದೇನೂ ಗೊತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಬರುತ್ತವೆ, ಬಿಸಿಲು ಏರಿದ ಮೇಲೆ ಹೋಗುತ್ತವೆ, ಅಷ್ಟೇ ಗೊತ್ತು. ಒಂಬತ್ತನೇ ತರಗತಿಯಿಂದ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲು ಶುರು ಮಾಡಿದೆ. ಮೊದಲು ಕಂಡ ದಿನ, ಕೊನೆಗೆ ಕಂಡ ದಿನ, ಕೆರೆಯಲ್ಲಿ ನೀರು ಎಲ್ಲಿವರೆಗೆ ಇತ್ತು ಅಂತ. ಈಗ ಅಂಥ ನಾಲ್ಕು ಪುಸ್ತಕ ಆಗಿವೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಮೊದಲು ಅಪ್ಪನಿಗೇ ಫೋನ್ ಮಾಡಿದೆ.

ಆದರೆ ಇನ್ನೊಂದು ಮಾತೂ ಹೇಳಬೇಕು ಸರ್. ಆ ಬಾತುಗಳು ಹಗಲು ಕೆರೆಯಲ್ಲಿ ಇರುತ್ತವೆ, ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ. ನಮ್ಮ ಪಕ್ಕದ ಹೊಲದ ಕಾಕಾ ರಾತ್ರಿಯಿಡೀ ಡಬ್ಬಿ ಬಡಿಯುತ್ತಾ ಕೂತಿದ್ದನ್ನು ನೋಡಿದ್ದೇನೆ. ನನಗೆ ಹಕ್ಕಿ ಅಂದ್ರೆ ಜೀವ. ಆದ್ರೂ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಕಡಲೆ ಬೀಜವನ್ನು ಅವರು ಸಾಲ ಮಾಡಿ ತಂದಿದ್ದರು. ಕೆರೆ ಉಳಿಸುವ ಮಾತು ಆ ಹೊಲದಿಂದಲೇ ಶುರುವಾಗಬೇಕು ಅಂತ ನನಗೆ ಅವತ್ತಿನಿಂದ ಅನ್ನಿಸಿದೆ.

ಧಾರವಾಡದಲ್ಲಿ ಕೃಷಿ ಪದವಿ ಓದಿದೆ. ಈಗ ಮೂರು ವರ್ಷದಿಂದ ಕೊಪ್ಪಳ ಜಿಲ್ಲೆಯಲ್ಲಿ ಗ್ರಾಮ ಆಡಳಿತ ಅಧಿಕಾರಿ ಆಗಿದ್ದೇನೆ. ನನಗೆ ಎರಡು ಊರು ಬರುತ್ತವೆ. ಹಳಬರು ಈಗಲೂ ತಲಾಟಿ ಅಂತಲೇ ಕರೆಯುತ್ತಾರೆ.

ಈ ಪರೀಕ್ಷೆ ಬರೆಯಬೇಕು ಅಂತ ಗಟ್ಟಿಯಾಗಿ ಅನ್ನಿಸಿದ್ದು ಆ ಕೆಲಸದಲ್ಲೇ. ಒಂದು ಬರದ ವರ್ಷ ಬೆಳೆ ಪರಿಹಾರ ಬಂತು. ಒಬ್ಬ ಅಜ್ಜಿ ಬಂದು, ನನಗೆ ಯಾಕೆ ಬರಲಿಲ್ಲ ತಂಗಿ, ಅಂತ ಕೇಳಿದರು. ಪಹಣಿ ತೆಗೆದು ನೋಡಿದರೆ ಹೊಲ ಇನ್ನೂ ಅವರ ಯಜಮಾನರ ಹೆಸರಿನಲ್ಲೇ ಇತ್ತು. ಅವರು ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು. ಆಮೇಲೆ ಎರಡೂ ಊರಿನಲ್ಲಿ ಮನೆ ಮನೆಗೆ ಹೋಗಿ ಕೇಳಿದೆ. ಅಂಥ ಖಾತೆಗಳು 64 ಸಿಕ್ಕವು. ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಬರೆಸುವ ಪೌತಿ ಖಾತೆ ಮಾಡಿಸುತ್ತಾ ಹೋದೆವು. ನಮ್ಮ ಕಡೆ ಅದಕ್ಕೆ ವಾರ್ಸಾ ಅಂತಾರೆ. ವಂಶವೃಕ್ಷ ಬರೆಸುವಾಗ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಡುತ್ತಿದ್ದರು. ಮದುವೆ ಮಾಡಿ ಕೊಟ್ಟಾಯ್ತಲ್ಲ ಮೇಡಂ, ಅನ್ನುತ್ತಿದ್ದರು. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಏನು ಹೇಳುತ್ತದೆ ಅಂತ ಕಟ್ಟೆ ಮೇಲೆ ಕೂತು ವಿವರಿಸುತ್ತಿದ್ದೆ. ಕೆಲವರು ಒಪ್ಪಿದರು. ಕೆಲವರು ನನ್ನ ಜೊತೆ ಮಾತು ಬಿಟ್ಟರು.

64ರಲ್ಲಿ 41 ಆದವು, 23 ನಿಂತವು. ಎಲ್ಲೋ ಅಣ್ಣ ಗೋವಾದಲ್ಲಿ ಕೂಲಿಗೆ ಹೋಗಿದ್ದಾನೆ, ಸಹಿ ಸಿಗುವುದಿಲ್ಲ. ಇನ್ನೆಲ್ಲೋ ಹೊಲ ಭಾಗ ಮಾಡಬೇಕು, ಅದಕ್ಕೆ ನಕ್ಷೆ ಬೇಕು, ಅಳತೆಗೆ ಬರಲು ಸರ್ವೆಯರ್ ಇಲ್ಲ. ಯಾವ ಕೆಲಸಕ್ಕೆ ಎಷ್ಟು ಜನ, ಯಾವುದು ಮೊದಲು ಅನ್ನುವುದು ನನ್ನ ಮಟ್ಟದಲ್ಲಿ ತೀರ್ಮಾನ ಆಗುವುದಿಲ್ಲ. ಅದು ಆಗುವ ಜಾಗದಲ್ಲಿ ಕೂತು ಇದೇ ಕೆಲಸವನ್ನು ಒಂದು ಜಿಲ್ಲೆಗೆ ಮಾಡಬೇಕು ಅನ್ನುವ ಆಸೆ ನನಗಿದೆ. ಅದಕ್ಕೇ ಆಡಳಿತ ಸೇವೆಯನ್ನು ಮೊದಲ ಆಯ್ಕೆಯಾಗಿ ಬರೆದಿದ್ದೇನೆ.

ಆ ಅಜ್ಜಿಯ ಖಾತೆ ಆಯ್ತು ಸರ್. ನಿಂತ 23ರಲ್ಲಿ ಆರು ಈಗ ಅಳತೆಗೆ ಬಂದಿವೆ. ಈ ವಾರ ರಜೆ ಹಾಕಿ ಬಂದಿದ್ದೇನೆ, ಸೋಮವಾರ ಹೋಗಿ ಮೊದಲು ಅವನ್ನೇ ನೋಡಬೇಕು.