ಭೌತಶಾಸ್ತ್ರ ಪ್ರಶ್ನೆಪತ್ರಿಕೆಯ 14ನೇ ಪ್ರಶ್ನೆಯ ದೋಷ: ಮೌಲ್ಯಮಾಪಕರಿಗೆ ಸೂಚನೆ

ಮಾನ್ಯ ಮೌಲ್ಯಮಾಪಕರೇ,

14ನೇ ಪ್ರಶ್ನೆಯಲ್ಲಿ, ನೇರವಾಗಿ ಮೇಲಕ್ಕೆ ಎಸೆದ ಚೆಂಡಿನ ವೇಗವು ಸೆಕೆಂಡಿಗೆ 20 ಮೀಟರ್ ಎಂದಿರಬೇಕಾದಲ್ಲಿ 20 ಕಿಲೋಮೀಟರ್ ಎಂದು ಅಚ್ಚಾಗಿದ್ದು, ಕರಡು ತಿದ್ದುವಾಗ ಇದನ್ನು ಗಮನಿಸದ ಹೊಣೆ ವಿಭಾಗದ್ದೇ ಆಗಿರುತ್ತದೆ. g = 10 ಎಂದಿಟ್ಟುಕೊಂಡು u²/2g ಸೂತ್ರದಿಂದ ಗರಿಷ್ಠ ಎತ್ತರ 20 ಮೀಟರ್ ಎಂದು ಬರೆದವರಿಗೂ, ಅಚ್ಚಾದ ಅಂಕಿಯನ್ನೇ ಬಳಸಿ ಕ್ರಮವಾಗಿ ಲೆಕ್ಕ ಮಾಡಿದವರಿಗೂ ಪೂರ್ಣ 4 ಅಂಕ ನೀಡಬೇಕು. ಆ ವೇಗವು ಭೂಮಿಯ ವಿಮೋಚನಾ ವೇಗವಾದ ಸೆಕೆಂಡಿಗೆ 11.2 ಕಿಲೋಮೀಟರನ್ನು ಮೀರುವುದರಿಂದ ಚೆಂಡು ಮರಳಿ ಬೀಳುವುದೇ ಇಲ್ಲವೆಂದು ಬರೆದವರಿದ್ದರೆ, ಅದು ನಿಜಕ್ಕೂ ಸಂತೋಷದ ಸಂಗತಿ, ಅವರಿಗೂ ಪೂರ್ಣ ಅಂಕ ಸಲ್ಲಬೇಕು.

ಈಗಾಗಲೇ ತಿದ್ದಿದ ಉತ್ತರಪತ್ರಿಕೆಗಳಲ್ಲಿ ಹಳೆಯ ಅಂಕವನ್ನು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, ಹೊಸ ಅಂಕದ ಪಕ್ಕದಲ್ಲಿ ಸಹಿ ಮಾಡಿ, ಮೊತ್ತವನ್ನೂ ಸರಿಪಡಿಸಿ ಶುಕ್ರವಾರದೊಳಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ವಿಭಾಗದ ಮುಖ್ಯಸ್ಥರು