ಬಿಳಿ ಮಾತ್ರೆ

ರುದ್ರಪ್ಪ ಮೇಷ್ಟ್ರ ಹಳೆಯ ರೆಕ್ಸಿನ್ ಚೀಲದಲ್ಲಿ ಗೌರಮ್ಮನಿಗೆ ಯಾವುದಾದರೂ ಪ್ರೇಮಪತ್ರ ಸಿಕ್ಕಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಸಿಕ್ಕಿದ್ದು ಬಿಪಿಗೆ ಕೊಟ್ಟಿದ್ದ ಅಟೆನೊಲಾಲ್ ಮಾತ್ರೆಯ ಎರಡು ಸ್ಟ್ರಿಪ್ಪು. ಎರಡರಲ್ಲೂ ಒಂದು ಮಾತ್ರೆಯೂ ಖಾಲಿಯಾಗಿರಲಿಲ್ಲ. ಹಿಂದೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗುವಾಗ ಮೇಷ್ಟ್ರು ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಚೀಲ ಅದು. 2018ರಲ್ಲಿ ನಿವೃತ್ತಿಯಾದ ಮೇಲೆ ಮೊಳೆಗೆ ನೇತುಬಿದ್ದಿತ್ತು. ಅಟ್ಟದಿಂದ ಕೊಬ್ಬರಿ ಇಳಿಸುವವರು ಬರುತ್ತಾರೆಂದು ಗೋಡೆಯ ಸಾಮಾನು ತೆಗೆಯುತ್ತಿದ್ದಳು ಗೌರಮ್ಮ.

ಮೇಷ್ಟ್ರು ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬರುವಷ್ಟರಲ್ಲಿ ಸ್ಟ್ರಿಪ್ಪುಗಳು ಊಟದ ಮಣೆಯ ಪಕ್ಕದಲ್ಲಿದ್ದವು.

"ಯಾಕ್ರೀ ಇದು ಹಾಗೇ ಇದೆ?"

"ಅದು ಹೊಸದು. ತಂದಿಟ್ಟಿದ್ದೆ."

"ಲೆಕ್ಕದ ಮೇಷ್ಟ್ರು ನೀವು. ಶಿವರಾತ್ರಿಗೆ ಮುಂಚೆ ಚೀಟಿ ಬರೆಸಿಕೊಂಡು ತಂದಿದ್ದು ಇನ್ನೂ ಮುಗಿದಿಲ್ಲ ಅಂದ್ರೆ ಎಷ್ಟು ದಿನ ತಗೊಂಡಿಲ್ಲ ಅನ್ನೋ ಲೆಕ್ಕ ನನಗೂ ಬರುತ್ತೆ."

ಮೇಷ್ಟ್ರು ರಾಗಿರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ. ಬೆಳಿಗ್ಗೆ ಮೆಟ್ಫಾರ್ಮಿನ್, ಒಂದು ಬಿಪಿಯದು, ರಾತ್ರಿ ಕೊಲೆಸ್ಟರಾಲಿನದು, ಎರಡು ವರ್ಷದ ಹಿಂದೆ ಸೇರಿದ, ಮೂತ್ರ ಜಾಸ್ತಿ ಮಾಡುವ ನೀರಿನ ಮಾತ್ರೆ. ಎಲ್ಲವನ್ನೂ ಗಡಿಯಾರ ನೋಡಿ ನುಂಗುವ ಮನುಷ್ಯ ಒಂದನ್ನು ಮಾತ್ರ ಕದ್ದಿಟ್ಟಿದ್ದ. ಹಿಂದಿನ ತಿಂಗಳು ಬಿಪಿ 170/100 ಬಂದಾಗ "ಉಪ್ಪಿನಕಾಯಿ ಜಾಸ್ತಿ ಹಾಕ್ತೀಯ" ಎಂದು ಅವಳ ಮೇಲೇ ಹೊರಿಸಿದ್ದ. ಗೌರಮ್ಮ ಅವತ್ತಿನಿಂದ ಮಿಡಿ ಮಾವಿನ ಜಾಡಿಯನ್ನೇ ಮೇಲೆ ಎತ್ತಿಟ್ಟಿದ್ದಳು.

"ಮಿಡಿ ಮಾವಿನಕಾಯಿ ಏನು ಪಾಪ ಮಾಡಿತ್ತು?" ಎಂದಳು. ಸಿಟ್ಟು ನಿಜವಾಗಿ ಬಂದಿತ್ತು.

ಅವರು ಉತ್ತರ ಕೊಟ್ಟಿದ್ದು ಸಂಜೆ, ಕೊಬ್ಬರಿಯವರು ಹೋದ ಮೇಲೆ. ಹಿತ್ತಿಲ ಕಲ್ಲುಬೆಂಚಿನ ಮೇಲೆ, ಮುಖ ತೆಂಗಿನ ತೋಟದ ಕಡೆಗಿಟ್ಟು. ಆ ಮಾತ್ರೆ ಶುರುವಾದ ಮೇಲೆ ಮೈ ತನ್ನ ಮಾತು ಕೇಳುತ್ತಿಲ್ಲ ಎಂದರು. ಡಬ್ಬಿಯೊಳಗಿನ ಕಾಗದವನ್ನು ಭೂತಕನ್ನಡಿ ಹಿಡಿದು ಓದಿದ್ದರಂತೆ. ಸಣ್ಣ ಅಕ್ಷರದಲ್ಲಿ, ಅಡ್ಡಪರಿಣಾಮಗಳ ಪಟ್ಟಿಯ ನಡುವೆ, ಅದೂ ಇತ್ತು. ಬಿಟ್ಟರೆ ಸರಿಹೋಗುತ್ತೇನೋ ಅಂತ ಬಿಟ್ಟರು. ಸರಿಹೋಗಲಿಲ್ಲ. ಎದೆ ಮಾತ್ರ ಡವಡವ ಅನ್ನುತ್ತಿತ್ತು.

ಗೌರಮ್ಮನಿಗೆ ತಕ್ಷಣ ಏನೂ ಹೊಳೆಯಲಿಲ್ಲ. ಎರಡು ವರ್ಷದಿಂದ ಅವರು ಹಜಾರದ ದಿವಾನದ ಮೇಲೆ ಮಲಗುತ್ತಿದ್ದರು. "ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು, ನಿನ್ನ ನಿದ್ದೆ ಯಾಕೆ ಕೆಡಿಸಲಿ" ಎಂದಿದ್ದರು. ಅದಕ್ಕೆ ಮುಂಚೆ ಒಂದು ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದು ಅವಳಿಗೆ ನೆನಪಿತ್ತು. ತನ್ನ ಮೈ ದಪ್ಪವಾಯಿತು, ಕೂದಲು ಉದುರಿತು, ಗಂಡಸಿಗೆ ಬೇಸರ ಬಂತು ಎಂದೇ ಅವಳು ತೀರ್ಮಾನ ಮಾಡಿಕೊಂಡಿದ್ದಳು. ಅದನ್ನು ಯಾರ ಹತ್ತಿರ ಹೇಳೋದು? ತಂಗಿಯ ಹತ್ತಿರ ಮಂಡಿನೋವಿನ ಮಾತೆತ್ತಿ ಸುಮ್ಮನಾಗುತ್ತಿದ್ದಳು. ಮಗ ಬೆಂಗಳೂರಿನಿಂದ ಫೋನ್ ಮಾಡಿ "ಅಮ್ಮಾ, ಮಗು ನೋಡಿಕೊಳ್ಳೋಕೆ ಆರು ತಿಂಗಳು ನೀನೊಬ್ಬಳೇ ಬಾ" ಅಂದಾಗ ಎರಡನೇ ಮಾತಿಲ್ಲದೆ ಒಪ್ಪಿಕೊಂಡಿದ್ದೂ ಅದಕ್ಕೇ.

"ನಾನು ಏನೇನೋ ಅಂದ್ಕೊಂಡಿದ್ದೆ," ಎಂದಳು.

"ಏನಂದ್ಕೊಂಡಿದ್ದೆ?"

"ಬಿಡಿ. ಡಾಕ್ಟರಿಗೆ ಹೇಳಿದ್ರಾ?"

"ಅವನಿಗಾ!" ಮೇಷ್ಟ್ರು ಬೆಚ್ಚಿಬಿದ್ದರು. ಡಾಕ್ಟರು ಅವರ ಶಿಷ್ಯ. ಹತ್ತನೇ ಕ್ಲಾಸಿನಲ್ಲಿ ಪೈಥಾಗೊರಸ್ ಪ್ರಮೇಯ ತಪ್ಪು ಬರೆದ ಅಂತ ಹೊರಗೆ ನಿಲ್ಲಿಸಿದ್ದ ಹುಡುಗ. ಈಗಲೂ ಕ್ಲಿನಿಕ್ಕಿನಲ್ಲಿ ಇವರನ್ನು ಕಂಡರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾನೆ. "ಅವನ ಮುಂದೆ ಇದನ್ನ ಹೆಂಗೆ ಬಾಯಿ ಬಿಡೋದು ಗೌರಿ?"

"ನಾನೇನೂ ಅವನಿಗೆ ಪಾಠ ಹೇಳಿಲ್ವಲ್ಲ. ನಾನು ಹೇಳ್ತೀನಿ."

ಹೇಳಿದಳು ಕೂಡ. ತಿಪಟೂರಿನ ಆ ಕ್ಲಿನಿಕ್ಕಿನಲ್ಲಿ, ಸೆರಗು ಬಿಗಿ ಮಾಡಿಕೊಂಡು, ಮೇಜಿನ ಮೇಲಿನ ಬಿಪಿ ಯಂತ್ರವನ್ನೇ ನೋಡುತ್ತಾ, ಮೂರು ವಾಕ್ಯದಲ್ಲಿ. ಮೇಷ್ಟ್ರು ಗೋಡೆಯ ಮೇಲಿನ ಹೃದಯದ ಚಿತ್ರ ಓದುತ್ತಿದ್ದರು.

ಡಾಕ್ಟರು ನಗಲಿಲ್ಲ, ಅಚ್ಚರಿಯನ್ನೂ ಪಡಲಿಲ್ಲ. ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತರು. "ಸರ್, ನಾನೇ ಕೇಳಬೇಕಿತ್ತು. ನೀವು ಮೇಷ್ಟ್ರು ಅಂತ ನನಗೂ ನಾಚಿಕೆ." ಈ ಮಾತ್ರೆಯಿಂದ ಕೆಲವರಿಗೆ ಹೀಗಾಗುವುದುಂಟು, ನೀರಿನ ಮಾತ್ರೆಯಿಂದಲೂ ಆಗಬಹುದು, ಎಷ್ಟೋ ವರ್ಷದ ಸಕ್ಕರೆ ಕಾಯಿಲೆ ನರಕ್ಕೂ ರಕ್ತನಾಳಕ್ಕೂ ಮಾಡುವ ಹಾನಿಯೂ ಸೇರಿರುತ್ತೆ ಎಂದರು. ಬೈದದ್ದು ಮಾತ್ರೆ ತಾನಾಗಿ ನಿಲ್ಲಿಸಿದ್ದಕ್ಕೆ. "ಇದನ್ನ ಏಕಾಏಕಿ ಬಿಟ್ರೆ ಎದೆಬಡಿತ, ಬಿಪಿ ಎರಡೂ ಒಮ್ಮೆಲೇ ಏರ್ತವೆ. ಹೃದಯಕ್ಕೇ ಅಪಾಯ. ಮತ್ತೆ ಹಿಂಗೆ ಮಾಡಿದ್ರೆ ನಾನು ನಿಮ್ಮನ್ನ ಹೊರಗೆ ನಿಲ್ಲಿಸ್ತೀನಿ ಸರ್."

ಮೇಷ್ಟ್ರು ಆ ದಿನ ಮೊದಲ ಸಲ ನಕ್ಕರು.

ಇಸಿಜಿ ತೆಗೆಸಿ, ಆ ಬಿಳಿ ಮಾತ್ರೆಯ ಬದಲು ಬೇರೆ ಬರೆದುಕೊಟ್ಟರು. ನೀರಿನ ಮಾತ್ರೆ ಯಾವಾಗ ತಗೋತೀರಿ ಎಂದು ಕೇಳಿದರೆ, ರಾತ್ರಿ ಊಟ ಆದ ಮೇಲೆ! "ಬೆಳಿಗ್ಗೆ ಅಂತ ಬರೆದಿದ್ದೀನಲ್ಲ ಸರ್." ಚೀಟಿಯ ಅಕ್ಷರ ಓದಲಾಗದೆ ಇವರೇ ಒಂದು ಹೊತ್ತು ಗೊತ್ತುಮಾಡಿಕೊಂಡಿದ್ದರು. ಎರಡು ವರ್ಷದ ದಿವಾನದ ವಾಸಕ್ಕೆ ಅರ್ಧ ಕಾರಣ ಇಷ್ಟೇ. ಟಿವಿಯಲ್ಲಿ ಬರುವ ಲೇಹ್ಯ, ಅಂಗಡಿಯಲ್ಲಿ ಕೇಳದೆ ಕೊಡುವ ಗುಳಿಗೆ ಮುಟ್ಟಬೇಡಿ, ಬೇಕಾದರೆ ಮುಂದೆ ನಾನೇ ನೋಡಿ ಕೊಡ್ತೀನಿ ಎಂದರು. "ಪೂರ್ತಿ ಮೊದಲಿನ ಹಾಗೇ ಆಗುತ್ತೆ ಅಂತ ಹೇಳಲ್ಲ ಅಮ್ಮಾ."

"ಮೊದಲಿನ ಹಾಗೆ ನನ್ನ ಮಂಡೀನೂ ಇಲ್ಲ," ಎಂದಳು ಗೌರಮ್ಮ.

ಅವತ್ತು ರಾತ್ರಿ ದಿಂಬು ಎತ್ತಿಕೊಂಡು ಒಳಕೋಣೆಗೆ ಬಂದ ಮೇಷ್ಟ್ರು ಬಾಗಿಲ ಹತ್ತಿರ ನಿಂತೇ ಇದ್ದರು, ತಡವಾಗಿ ಬಂದ ಹುಡುಗ ಕ್ಲಾಸಿನ ಹೊಸ್ತಿಲಲ್ಲಿ ನಿಂತ ಹಾಗೆ. ಅವಳು ಮಂಚದ ಗೋಡೆಯ ಬದಿಗೆ ಸರಿದಳು. "ಆ ಕಡೆ ನೀವು ಬೇಡ. ಗೋಡೆ ಸಿಕ್ಕಿದ್ರೆ ತಿರುಗಿಬಿಡ್ತೀರಿ."

ಆ ರಾತ್ರಿ ಏನೂ ನಡೆಯಲಿಲ್ಲ, ಬರೀ ಮಾತು. ಅವಳು ಅಂದುಕೊಂಡಿದ್ದನ್ನೆಲ್ಲ ಹೇಳಿದಳು. ಕೂದಲಿನ ವಿಷಯಕ್ಕೆ ಬಂದಾಗ ಅವರು "ಅಯ್ಯೋ ಪೆದ್ದಿ" ಎಂದು ಅವಳ ತುರುಬನ್ನೇ ಹಿಡಿದುಕೊಂಡರು. ಮುಂದಿನ ವಾರಗಳಲ್ಲಿ ಅವರು ಅವಳ ಮಂಡಿಗೆ ಕೊಬ್ಬರಿ ಎಣ್ಣೆ ಬಿಸಿಮಾಡಿ ತಿಕ್ಕಿದರು. ಸಕ್ಕರೆ ಕಾಯಿಲೆಯವರ ಅಂಗಾಲು ದಿನಾ ನೋಡಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಅವಳು ಅವರ ಪಾದ ತೊಡೆಯ ಮೇಲಿಟ್ಟುಕೊಂಡು ಗಾಯ ಹುಡುಕಿದಳು. ಕಚಗುಳಿಯಾಗಿ ಮೇಷ್ಟ್ರು ಒದೆಯುತ್ತಿದ್ದರು. ಮೊದಲ ಸಲ ಆಗದಿದ್ದಾಗ ಅವರ ಮೈ ಬಿಗಿಯಿತು. ಗೌರಮ್ಮ ಕೈ ಬಿಡಲಿಲ್ಲ. "ಪರೀಕ್ಷೆ ಏನಲ್ಲ ಇದು, ಯಾರೂ ಮಾರ್ಕ್ಸ್ ಹಾಕಲ್ಲ," ಎಂದಳು. ಇಬ್ಬರೂ ನಕ್ಕು ಕೆಮ್ಮು ಬಂತು. ಎಷ್ಟು ಸಲ ಆಯಿತು, ಎಷ್ಟು ಸಲ ಆಗಲಿಲ್ಲ ಎಂಬ ಲೆಕ್ಕ ಲೆಕ್ಕದ ಮೇಷ್ಟ್ರೂ ಇಡಲಿಲ್ಲ. ಬಿಪಿ 140ಕ್ಕೆ ಇಳಿದಿದ್ದನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆದರು. ಮಿಡಿ ಮಾವಿನ ಜಾಡಿ ಕೆಳಗಿಳಿಯಿತು, ಊಟಕ್ಕೆ ಅರ್ಧ ಮಿಡಿ ಎಂಬ ಷರತ್ತಿನ ಮೇಲೆ.

ಶ್ರಾವಣದಲ್ಲಿ ಮಗ ಫೋನ್ ಮಾಡಿದ. "ಅಮ್ಮಾ, ಟಿಕೆಟ್ ಮಾಡಿಸ್ಲಾ? ಒಂದೇ ತಾನೇ?"

"ಎರಡು ಮಾಡಿಸು. ಆರು ತಿಂಗಳಲ್ಲ, ಒಂದು ತಿಂಗಳು."

"ಅಪ್ಪಾನೂ ಬರ್ತಾರಾ? ಹಾಗಾದ್ರೆ ಅಪ್ಪ ಹಾಲ್‌ನಲ್ಲಿ ಮಲಗಲಿ, ನೀನು ಪಾಪು ಜೊತೆ..."

"ಒಂದು ರೂಮು ಬಿಡಿಸಿಕೊಡು," ಎಂದಳು ಗೌರಮ್ಮ. "ಪಾಪು ನಿಮ್ಮ ಜೊತೆ ಮಲಗಲಿ."

ಆ ಕಡೆ ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾತ್ರೆ ಡಬ್ಬಿ ತುಂಬಿಸುತ್ತಿದ್ದ ಮೇಷ್ಟ್ರು ತಲೆ ಎತ್ತದೆ, "ಬಾಗಿಲಿಗೆ ಚಿಲಕ ಇದೆಯಾ ಕೇಳು," ಎಂದರು.