ಆಯಿಗೆ ಒಂದು ಕಾಗದ

ಬೆಂಗಳೂರು
12 ಡಿಸೆಂಬರ್ 2025

ಪ್ರೀತಿಯ ಆಯಿ,

ಫೋನಲ್ಲಿ ಹೇಳೋಣ ಅಂದರೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀಯ. ಪಕ್ಕದಲ್ಲಿ ಅಪ್ಪ, ಅಜ್ಜಿ ಎಲ್ಲ ಇರುತ್ತಾರೆ. ಅದಕ್ಕೇ ಈ ಕಾಗದ.

ದೀಪಾವಳಿಗೆ ಬಂದಾಗ ನೋಡಿದೆ. ನೀನು ನಡುರಾತ್ರಿ ಕಂಬಳಿ ಸರಿಸಿ ಎದ್ದು ಕಿಟಕಿ ಹತ್ತಿರ ನಿಂತಿದ್ದೆ. ನಾನು ಚಳಿಗೆ ಮುದುಡಿ ಮಲಗಿದ್ದರೆ ನಿನ್ನ ರವಿಕೆಯ ಬೆನ್ನೆಲ್ಲ ಒದ್ದೆ. ಬೆಳಿಗ್ಗೆ ಕೇಳಿದರೆ ‘ಪಿತ್ತ’ ಅಂದುಬಿಟ್ಟೆ.

ಪಿತ್ತ ಅಲ್ಲ ಆಯಿ, ಪೆರಿಮೆನೊಪಾಸ್ ಇರಬೇಕು. ಮುಟ್ಟು ನಿಲ್ಲುವ ಮೊದಲಿನ ಕೆಲವು ವರ್ಷ. ನಿನಗೀಗ 46, ಇದು ಶುರುವಾಗುವ ವಯಸ್ಸೇ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಒಂದು ತಿಂಗಳು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ. ಆಗ ಮೈ ಬಿಸಿ ಹಿಡಿತದಲ್ಲಿರೋದಿಲ್ಲ. ಸುಮ್ನೆ ಕೂತಿದ್ದರೂ ಮುಖ, ಕುತ್ತಿಗೆ ಉರಿದು ಬೆವರುತ್ತದೆ. ನಿದ್ದೆ ಕೆಡೋದು, ಎದೆ ಡವಡವ ಅನ್ನೋದು, ಗಂಟು ನೋವು, ಮರೆವು, ಸಣ್ಣದಕ್ಕೂ ಸಿಟ್ಟು ಅಳು, ಎಲ್ಲ ಇದರಲ್ಲೇ ಬರಬಹುದು. ‘ನಾನ್ಯಾಕೆ ಹೀಗಾದೆ’ ಅಂತ ಅವತ್ತು ಹೇಳಿದೆಯಲ್ಲ, ನೀನು ಹೀಗಾಗಿಲ್ಲ. ನಿನ್ನ ಸ್ವಭಾವ ಕೆಟ್ಟಿಲ್ಲ. ಹನ್ನೆರಡು ತಿಂಗಳು ಪೂರ್ತಿ ಮುಟ್ಟು ಬಾರದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಅಲ್ಲಿವರೆಗೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ.

ಒಂದು ವಿಷಯಕ್ಕೆ ಮಾತ್ರ ನನಗೆ ಹೆದರಿಕೆ. ಪೂಜೆ, ಮದುವೆ ಬಂದಾಗ ಮುಟ್ಟು ಮುಂದೂಡೋ ಮಾತ್ರೆ ಅಂಗಡಿಯಿಂದ ತರಿಸಿ ನುಂಗುತ್ತೀಯಲ್ಲ, ಅದು ಬೇಡ. ಈಗಂತೂ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಹೊರಗಾದರೆ ಅವತ್ತಿನ ಪೂಜೆಯ ಅಡುಗೆ ಬೇರೆಯವರು ಮಾಡುತ್ತಾರೆ. ಅತ್ತೆಗೂ ಕೈಯಿದೆ! ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಹೋದರೆ, ಅಥವಾ ನಿಂತು ವರ್ಷ ಕಳೆದಮೇಲೆ ಮತ್ತೆ ಕಂಡರೆ, ತಡ ಮಾಡದೆ ತೋರಿಸಲೇಬೇಕು.

ಮುಂದಿನ ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಶನಿವಾರ ಶಿರಸಿಯಲ್ಲಿ ಲೇಡಿ ಡಾಕ್ಟರ ಹತ್ತಿರ ಹೋಗೋಣ, ಅಪಾಯಿಂಟ್‌ಮೆಂಟ್ ತಗೊಂಡಾಗಿದೆ. ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಹೇಗಿದೆ ಅಂತಲೂ ನೋಡಿಸೋಣ. ಥೈರಾಯ್ಡಿಗೂ ಇಂಥದೇ ಎದೆಬಡಿತ, ಬೆವರು ಬರುತ್ತದಂತೆ. ಉರಿ ತೀರಾ ಜಾಸ್ತಿಯಾದರೆ ಹಾರ್ಮೋನಿನ ಔಷಧವೂ ಇದೆ, ಆದರೆ ಎಲ್ಲರಿಗೂ ಆಗಿಬರೋದಿಲ್ಲ. ಅದನ್ನು ಅವರೇ ನೋಡಿ ಹೇಳಲಿ. ಕಳೆದ ಮುಟ್ಟು ಯಾವಾಗ ಬಂತು, ಎಷ್ಟು ದಿನ ಹೋಯ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡು. ಡಾಕ್ಟರು ಮೊದಲು ಕೇಳೋದೇ ಅದು.

ಅಲ್ಲಿವರೆಗೆ ರಾತ್ರಿ ಕೂತು ಅಡಿಕೆ ಸುಲಿಯೋದು ಬಿಡು. ಈ ಸಲ ಇನ್ನಿಬ್ಬರು ಆಳು ಹೇಳೋಣ ಅಂತ ಅಪ್ಪನಿಗೆ ನಾನೇ ಹೇಳುತ್ತೇನೆ, ದುಡ್ಡು ನಾನು ಕೊಡುತ್ತೇನೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ? ನೀನು ಬೇಡ ಅಂದರೆ ‘ಸೊಂಟ ನೋವು’ ಅಂತೀನಿ. ಆದರೆ ಅಪ್ಪನಿಗೂ ಗೊತ್ತಾದರೆ ಒಳ್ಳೇದು ಅಂತ ನನಗನಿಸುತ್ತದೆ. ಯೋಚನೆ ಮಾಡಿ, ಹಿತ್ತಲಿಗೆ ಬಂದು ಒಬ್ಬಳೇ ಫೋನ್ ಮಾಡು. ಸ್ಪೀಕರ್ ಬೇಡ.

ನಿನ್ನ ಮಗಳು,
ಸುಮಾ